ಅಪ್‌ಡೇಟ್: ಬಿಳಿ ಹಿನ್ನೆಲೆಯಲ್ಲಿ ಬೆಳ್ಳಿ ಬಳೆಯ ಚಿತ್ರ

ನನ್ನ ಪ್ರಶ್ನೆ: “ಬಿಳಿ ಹಾಳೆಯ ಮೇಲಿಟ್ಟ ಬೆಳ್ಳಿ ಬಳೆಯನ್ನು ಫೋನಿನಲ್ಲಿ ತೆಗೆದರೆ ಹಾಳೆ ಬೂದುಬಣ್ಣಕ್ಕೆ ತಿರುಗುತ್ತದೆ, ಬಳೆಯಲ್ಲಿ ಫೋನಿನ ಕಪ್ಪು ಪ್ರತಿಬಿಂಬ ಮೂಡುತ್ತದೆ. ಏನು ಮಾಡಬೇಕು?”

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಎರಡೂ ತೊಂದರೆಗಳು ಬಗೆಹರಿದಿವೆ.

ಚೌಕಟ್ಟಿನ ಬಹುಭಾಗ ಬಿಳಿಯಾಗಿದ್ದಾಗ ಕ್ಯಾಮೆರಾ ಅದನ್ನು ಅತಿಯಾದ ಬೆಳಕೆಂದು ಎಣಿಸಿ ಇಡೀ ಚಿತ್ರವನ್ನು ಮಬ್ಬಾಗಿಸುತ್ತದೆ. ಆದ್ದರಿಂದ ಪರದೆಯಲ್ಲಿ ಬಳೆಯ ಮೇಲೆ ಬೆರಳೊತ್ತಿ ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಗುರುತನ್ನು ಸರಿಸುತ್ತಾ ಬೆಳಕನ್ನು ಹೆಚ್ಚಿಸಿ, ಹಾಳೆ ಬಿಳುಪಾದರೂ ಕೆತ್ತನೆಯ ಗೆರೆಗಳು ಅಳಿಸಿಹೋಗದ ಹಂತದಲ್ಲಿ ನಿಲ್ಲಿಸಿದೆ.

ಪ್ರತಿಬಿಂಬದ ವಿಷಯ ಬೇರೆ. ಹೊಳಪಿನ ಲೋಹವು ಸುತ್ತಲಿರುವುದನ್ನೇ ತೋರಿಸುವುದರಿಂದ, ಬೆಳಕನ್ನು ಹೆಚ್ಚಿಸುವುದಕ್ಕಿಂತ ಸುತ್ತಲನ್ನು ಬಿಳಿಯಾಗಿಸುವುದೇ ಮುಖ್ಯ. ಕಿಟಕಿಯ ಕಡೆಗೆ ಟ್ರೇಸಿಂಗ್ ಪೇಪರ್, ಎದುರು ಬದಿಗೆ ಬಿಳಿ ರಟ್ಟು ನಿಲ್ಲಿಸಿ, ಫೋನನ್ನು ಹಿಂದಕ್ಕೆ ಒಯ್ದು 2x ಆಯ್ದುಕೊಂಡಾಗ ಪ್ರತಿಬಿಂಬವು ಗುರುತು ಸಿಗದಷ್ಟು ಚಿಕ್ಕದಾಯಿತು. ಹತ್ತಿರದಿಂದ ತೆಗೆದಾಗ ಬಳೆಯ ಮುಂಭಾಗ ಉಬ್ಬಿದಂತೆ ಕಾಣುತ್ತಿದ್ದುದೂ ತಪ್ಪಿತು.

ಆದರೆ (ಇದನ್ನು ಯಾರೂ ಹೇಳಿರಲಿಲ್ಲ) ಎಲ್ಲ ಕಡೆ ಬಿಳಿಯಾದರೆ ಬಳೆಯ ಅಂಚೇ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಚೌಕಟ್ಟಿನ ಹೊರಗೆ, ಒಂದು ಬದಿಯಲ್ಲಿ, ಬೆರಳಗಲದ ಕಪ್ಪು ಕಾಗದದ ಪಟ್ಟಿಯನ್ನು ನಿಲ್ಲಿಸಿ, ಲೋಹದ ಅಂಚಿನಲ್ಲಿ ತೆಳುವಾದ ಕಪ್ಪು ಗೆರೆ ಕಾಣುವವರೆಗೂ ಅದನ್ನು ಹತ್ತಿರಕ್ಕೆ ತಂದರೆ ಆಕಾರ ಸ್ಪಷ್ಟವಾಗುತ್ತದೆ.