ಸಪ್ಲೈ ಬಿಲ್ ಕೊಟ್ಟು 3 ತಿಂಗಳಾಯ್ತು, ಎಲ್ಲಿ ಸಿಕ್ಕಾಕ್ಕೊಂಡಿದೆ ಅಂತ ಹೇಗೆ ತಿಳ್ಕೊಳ್ಳೋದು?

ಮಂಜು_ಸಪ್ಲೈ:
ಎಲ್ಲರಿಗೂ ನಮಸ್ಕಾರ. ರಾಜ್ಯ ಸರ್ಕಾರದ ಒಂದು ಕಚೇರಿಗೆ 40 ಸ್ಟೀಲ್ ಬೀರು ಕೊಟ್ಟಿದ್ದೀನಿ, ಒಂದಕ್ಕೆ 9,000 ಅಂದ್ರೆ 3,60,000, ಅದಕ್ಕೆ 18% ಜಿಎಸ್‌ಟಿ ಸೇರಿ 4,24,800 ಬಿಲ್. ಆಗಸ್ಟ್ 1ಕ್ಕೆ ಆರ್ಡರ್ ಆಗಿದ್ದು, 31ರ ಒಳಗೆ ಕೊಡಬೇಕು ಅಂತ ಇತ್ತು. 12ನೇ ತಾರೀಖು 28 ಇಳಿಸಿದ್ವಿ, 27ಕ್ಕೆ ಉಳಿದ 12. ಬಿಲ್ ಜೊತೆ ಆರ್ಡರ್ ಕಾಪಿ, ಡೆಲಿವರಿ ಚಲನ್, ಪ್ಯಾನ್, ಜಿಎಸ್‌ಟಿ ಸರ್ಟಿಫಿಕೇಟ್, ಕ್ಯಾನ್ಸಲ್ ಮಾಡಿದ ಚೆಕ್ ಎಲ್ಲಾ ಇಟ್ಟು ಸೆಪ್ಟೆಂಬರ್ 8ಕ್ಕೆ ಕೊಟ್ಟೆ. ಹೋದಾಗೆಲ್ಲ "ನೋಡ್ತೀವಿ, ಮುಂದಿನ ವಾರ ಬನ್ನಿ" ಅಂತಾರೆ, ಏನು ಕಮ್ಮಿ ಇದೆ ಅಂತ ಯಾರೂ ಹೇಳ್ತಿಲ್ಲ. ನಾನೂ ಸಾಲ ತಂದು ಮಾಲು ಎತ್ತಿದ್ದು, ಬಡ್ಡಿ ಓಡ್ತಾ ಇದೆ.

ರವಿ_ಟ್ರೇಡರ್ಸ್:
ಅಣ್ಣ ಇದು ಗ್ರಾಂಟ್ ಇಲ್ಲ ಅಂತಾನೇ ಅರ್ಥ, ಬಾಯಿ ಬಿಟ್ಟು ಹೇಳಲ್ಲ ಅಷ್ಟೇ. ಮಾರ್ಚ್ ತನಕ ಕಾಯಬೇಕು. ಸಣ್ಣ ಉದ್ದಿಮೆಗಳ ಉದ್ಯಮ್ ರಿಜಿಸ್ಟ್ರೇಷನ್ ಇದ್ರೆ 45 ದಿನ ದಾಟಿದ ಮೇಲೆ ಬಡ್ಡಿ ಹಾಕಿ ಕೇಸ್ ಹಾಕು, ಆವಾಗ ದಾರಿಗೆ ಬರ್ತಾರೆ.

ಲೆಕ್ಕಪತ್ರ_ನಿವೃತ್ತ:
ನಾನು ಲೆಕ್ಕಪತ್ರ ಶಾಖೆಯಲ್ಲಿ ಬಹಳ ವರ್ಷ ಬಿಲ್ಲುಗಳನ್ನೇ ನೋಡಿದವನು, ಹಾಗಾಗಿ ಹೇಳ್ತೀನಿ, ಅನುದಾನ ಇಲ್ಲ ಅಂತ ಇವಾಗಲೇ ತೀರ್ಮಾನ ಮಾಡಬೇಡಿ. ಮಂಜು ಅವರೇ, "ಯಾವಾಗ ಆಗತ್ತೆ" ಅಂತ ಕೇಳಿದ್ರೆ ಯಾರಿಗೂ ಉತ್ತರ ಗೊತ್ತಿರಲ್ಲ. ಟಪಾಲಿನಲ್ಲಿ ನಿಮ್ಮ ಬಿಲ್ಲಿನ ಸ್ವೀಕೃತಿ ನಂಬರ್ ತಗೊಳ್ಳಿ, ಅದು ಯಾವ ಕಡತಕ್ಕೆ ಸೇರಿದೆ, ಕಡತ ಯಾವ ವಿಷಯ ನಿರ್ವಾಹಕರ ಹತ್ರ ಇದೆ ಕೇಳಿ. ಆಮೇಲೆ ಒಂದೇ ಪ್ರಶ್ನೆ: ಖಜಾನೆ-2 ಅನ್ನೋ ಸರ್ಕಾರಿ ಪಾವತಿ ತಂತ್ರಾಂಶದಲ್ಲಿ ಬಿಲ್ ತಯಾರಾಗಿದೆಯಾ ಇಲ್ವಾ? ಆಗಿದ್ರೆ ಆ ನಂಬರ್ ಕೊಡ್ತಾರೆ, ಮುಂದೆ ಖಜಾನೆಯಲ್ಲಿ ವಿಚಾರಿಸಬಹುದು. ಆಗಿಲ್ಲ ಅಂದ್ರೆ ಬಿಲ್ ಇನ್ನೂ ಕಚೇರಿ ಬಾಗಿಲೇ ದಾಟಿಲ್ಲ, ಖಜಾನೆ ಹತ್ರ ಓಡಾಡಿ ಉಪಯೋಗ ಇಲ್ಲ.

ಇನ್ನೊಂದು, ನಿಮ್ಮ ಇನ್‌ವಾಯ್ಸ್ ತಾರೀಖು ಯಾವುದು? 40ಕ್ಕೂ ಒಂದೇ ಇನ್‌ವಾಯ್ಸಾ? ಮಾಲಿನಲ್ಲಿ ಏನಾದ್ರೂ ವಾಪಸ್ ಬಂದಿತ್ತಾ?

ಗುತ್ತಿಗೆ_ಬಸು:
ಸರ್ ನನ್ದೂ ಇದೇ ಕತೆ, ರೋಡ್ ಕೆಲಸ ಮುಗಿದು ಐದು ತಿಂಗಳಾತು, ಫೋಟೋ ಎಲ್ಲಾ ಕೊಟ್ಟೀನಿ, ಬಿಲ್ ಆಗವಲ್ದು. ದಾಸ್ತಾನು ಸರ್ಟಿಫಿಕೇಟ್ ತರಬೇಕಾ ನಾನು?

ಲೆಕ್ಕಪತ್ರ_ನಿವೃತ್ತ:
ಬಸು ಅವರೇ, ನಿಮ್ಮದು ಕಾಮಗಾರಿ, ಅದಕ್ಕೆ ದಾಸ್ತಾನು ವಹಿ ಬರಲ್ಲ. ನಿಮ್ಮಲ್ಲಿ ಎಲ್ಲಾ ನಿಂತಿರೋದು ಎಂ.ಬಿ. ಅಂದ್ರೆ ಅಳತೆ ಪುಸ್ತಕದ ಮೇಲೆ. ಇಂಜಿನಿಯರ್ ಅಳತೆ ಬರೆದು, ಮೇಲಿನವರು ಚೆಕ್ ಅಳತೆ ಮಾಡಿ ಸಹಿ ಹಾಕೋ ತನಕ ಬಿಲ್ ಅನ್ನೋದು ಹುಟ್ಟೋದೇ ಇಲ್ಲ, ಫೋಟೋ ಎಷ್ಟಿದ್ರೂ ಅಷ್ಟೇ. ಜಲ್ಲಿ, ಮರಳಿನ ರಾಯಲ್ಟಿ ಕಟ್ಟಿದ ದಾಖಲೆ ಇಟ್ಟುಕೊಳ್ಳಿ, ಇಲ್ಲಾಂದ್ರೆ ಬಿಲ್ಲಲ್ಲೇ ಹಿಡೀತಾರೆ. ಬೇರೆ ಚರ್ಚೆ ತೆರೀರಿ, ಅಲ್ಲಿ ನೋಡೋಣ.

ಮಂಜು_ಸಪ್ಲೈ:
ಸರ್, ಒಂದೇ ಇನ್‌ವಾಯ್ಸ್, ಆಗಸ್ಟ್ 12ರ ತಾರೀಖು. 27ಕ್ಕೆ ಕೊಟ್ಟಿದ್ರಲ್ಲಿ ಎರಡರ ಬಾಗಿಲು ಇಳಿಸುವಾಗ ನೆಗ್ಗಿತ್ತು, ಅವರು ಬೇಡ ಅಂದ್ರು, ಸೆಪ್ಟೆಂಬರ್ 4ಕ್ಕೆ ಬೇರೆ ಎರಡು ತಂದು ಇಟ್ವಿ. ಇವತ್ತು ನೀವು ಹೇಳಿದ ಹಾಗೆ ಕೇಳಿದೆ, ಖಜಾನೆ-2ಕ್ಕೆ ಹೋಗಿಲ್ವಂತೆ. ಕಡತ ತೆಗೆದು ನೋಡಿದ್ರು, ಟಿಪ್ಪಣಿಯಲ್ಲಿ "ಅವಧಿ ಮೀರಿದ ಸರಬರಾಜು, ಪರಿಶೀಲಿಸಿ" ಅಂತ ಪೆನ್ಸಿಲಲ್ಲಿ ಷರಾ ಬರೆದು ಬಿಟ್ಟಿದ್ದಾರೆ.

ರವಿ_ಟ್ರೇಡರ್ಸ್:
ಹಾಗಾದ್ರೆ ಸುಲಭ. ಸೆಪ್ಟೆಂಬರ್ 4ರ ತಾರೀಖು ಹಾಕಿ ಹೊಸ ಇನ್‌ವಾಯ್ಸ್ ಹೊಡ್ಕೊಡು, ಹಳೇದು ಹರಿದು ಹಾಕು.

ಲೆಕ್ಕಪತ್ರ_ನಿವೃತ್ತ:
ರವಿ, ದಯವಿಟ್ಟು ಹಾಗೆ ಹೇಳಬೇಡಿ. ಆಗಸ್ಟಿನ ಜಿಎಸ್‌ಟಿಆರ್-1ರಲ್ಲಿ ಆ ಇನ್‌ವಾಯ್ಸ್ ಸಲ್ಲಿಕೆ ಆಗಿ ತೆರಿಗೆನೂ ಕಟ್ಟಿ ಆಗಿರತ್ತೆ. ಕ್ರೆಡಿಟ್ ನೋಟ್ ಇಲ್ಲದೆ ಇನ್ನೊಂದು ಮಾಡಿದ್ರೆ ಅದೇ ಮಾಲಿಗೆ 64,800 ಎರಡನೇ ಸಲ ಕಟ್ಟಬೇಕಾಗತ್ತೆ. ಮಂಜು ಅವರು ಮೊದಲೇ ಎರಡು ಲೋಡಿಗೆ ಎರಡು ಇನ್‌ವಾಯ್ಸ್ ಮಾಡಿದ್ರೆ ಚೆನ್ನಾಗಿತ್ತು, ಈಗ ಇದನ್ನ ಮುಟ್ಟಬೇಡಿ, ಪೆನ್ನಲ್ಲಿ ತಾರೀಖು ತಿದ್ದೋದಂತೂ ಬೇಡವೇ ಬೇಡ.

ಸಿಕ್ಕಿರೋ ಜಾಗ ಎರಡು. ಒಂದು, ಬಿಲ್ಲಿನ ಹಿಂದೆ "ಸಾಮಗ್ರಿ ಸುಸ್ಥಿತಿಯಲ್ಲಿ ಸ್ವೀಕರಿಸಿ ದಾಸ್ತಾನು ವಹಿ ಪುಟ ಇಂತಿಷ್ಟರಲ್ಲಿ ದಾಖಲಿಸಿದೆ" ಅಂತ ಮೊಹರು ಹಾಕಿ ಸಹಿ ಮಾಡ್ಬೇಕು. ಬಿಲ್ಲಲ್ಲಿ 12ನೇ ತಾರೀಖು 40 ಅಂತಿದೆ, ವಹಿಯಲ್ಲಿ ಅವತ್ತು 28 ಮಾತ್ರ ಇದೆ, ಯಾರು ಧೈರ್ಯವಾಗಿ ಸಹಿ ಹಾಕ್ತಾರೆ? ಅದಕ್ಕೆ ಮೂರೂ ಚಲನ್ ಕಾಪಿ ಇಟ್ಟು, 28, 10, 2 ಅಂತ ಮೂರು ತಾರೀಖೂ ಬರುವ ಹಾಗೆ ದೃಢೀಕರಣ ಕೊಡಿ ಅಂತ ಪತ್ರ ಬರೀರಿ. ಬದಲಿ ಎರಡಕ್ಕೂ ಚಲನ್ ಮಾಡಿಸಿ ಸಹಿ ತಗೊಂಡಿದ್ದೀರಾ ನೋಡಿಕೊಳ್ಳಿ.

ಎರಡನೇದೇ ಅಸಲಿ ಗಂಟು. ಕೊನೆ ಎರಡು ಬೀರು 4 ದಿನ ತಡ. ಆರ್ಡರಲ್ಲಿ ತಡಕ್ಕೆ ದಂಡದ ಷರತ್ತು ಇರತ್ತೆ, ಒಂದೋ ದಂಡ ಹಿಡೀಬೇಕು, ಇಲ್ಲ ಅವಧಿ ವಿಸ್ತರಣೆ ಆದೇಶ ಆಗಬೇಕು. ಎರಡೂ ಇಲ್ಲದೆ ಪಾಸ್ ಮಾಡಿದ್ರೆ ನಾಳೆ ಆಡಿಟ್‌ನಲ್ಲಿ ಆ ನಿರ್ವಾಹಕರ ತಲೆಗೇ ಬರತ್ತೆ, ಅದಕ್ಕೇ ಪೆನ್ಸಿಲ್ ಷರಾ ಬರೆದು ಕೂತಿದ್ದಾರೆ. ಷರತ್ತು ಓದಿ ಹೇಳಿ.

ಮಂಜು_ಸಪ್ಲೈ:
"ತಡವಾದ ಸಾಮಗ್ರಿಯ ಮೌಲ್ಯದ ಮೇಲೆ ವಾರಕ್ಕೆ ಅಥವಾ ಅದರ ಭಾಗಕ್ಕೆ 0.5%" ಅಂತಿದೆ ಸರ್.

ಲೆಕ್ಕಪತ್ರ_ನಿವೃತ್ತ:
ಎರಡು ಬೀರಿಗೆ 18,000, ಅದರ ಅರ್ಧ ಪರ್ಸೆಂಟ್ 90 ರೂಪಾಯಿ. ಆ 90 ರೂಪಾಯಿ ಏನ್ಮಾಡ್ಬೇಕು ಅಂತ ಯಾರೂ ಬರೀದೇ ನಿಮ್ಮ ನಾಲ್ಕು ಲಕ್ಷ ನಿಂತಿದೆ. ನನ್ನ ಸಲಹೆ, ವಿಸ್ತರಣೆ ಕೇಳೋಕೆ ಹೋಗಬೇಡಿ, ಅದು ಇನ್ನೊಂದು ಕಡತ, ಮೇಲಿನ ಅಧಿಕಾರಿ ಮುಂದೆ ಹೋಗಿ ಬರೋಕೆ ಇನ್ನೂ ತಿಂಗಳು ಹಿಡಿಯತ್ತೆ. "ಷರತ್ತಿನಂತೆ ದಂಡ ಕಡಿತ ಮಾಡಲು ನನ್ನ ಒಪ್ಪಿಗೆ ಇದೆ" ಅಂತ ಒಂದು ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ.

ಇದಲ್ಲದೆ 2% ಜಿಎಸ್‌ಟಿ ಟಿಡಿಎಸ್ ಹಿಡೀತಾರೆ, ತೆರಿಗೆ ಬಿಟ್ಟು ಕಾಂಟ್ರಾಕ್ಟ್ ಮೊತ್ತ 2.5 ಲಕ್ಷ ದಾಟಿದೆಯಲ್ಲ. 3,60,000ಕ್ಕೆ 7,200. ಅದು ಹೋದ ದುಡ್ಡಲ್ಲ, ಜಿಎಸ್‌ಟಿ ಪೋರ್ಟಲ್ಲಲ್ಲಿ ನೀವು ಒಪ್ಪಿಗೆ ಕೊಟ್ಟ ಮೇಲೆ ನಿಮ್ಮ ಕ್ಯಾಶ್ ಲೆಡ್ಜರಿಗೆ ಬರತ್ತೆ. ಅವರು ಜಿಎಸ್‌ಟಿಆರ್-7 ರಿಟರ್ನ್ ಹಾಕಿದ ಮೇಲಷ್ಟೇ ಅದು ಕಾಣೋದು.

ಶೋಭಾ_ಅಕೌಂಟ್ಸ್:
45 ದಿನದ ಬಗ್ಗೆ ಒಂದು ಮಾತು. ಉದ್ಯಮ್ ಇದ್ದ ಮಾತ್ರಕ್ಕೆ ಆಗಲ್ಲ, ತಂದು ಮಾರುವ ವ್ಯಾಪಾರಿಗಳಿಗೆ ಆ ತಡಪಾವತಿ ಬಡ್ಡಿಯ ರಕ್ಷಣೆ ಇಲ್ಲ, ಸ್ವಂತ ತಯಾರಿಕೆ ಅಥವಾ ಸೇವೆಯ ಕಿರು, ಸಣ್ಣ ಘಟಕಕ್ಕೆ ಮಾತ್ರ. ಮಂಜು ಅವರೇ, ಬೀರು ನೀವೇ ಮಾಡೋದಾ?

ಮಂಜು_ಸಪ್ಲೈ:
ತಗಡು ನಾನು ಕೊಟ್ಟು ಬೇರೆಯವರ ಶೆಡ್‌ನಲ್ಲಿ ಮಾಡಿಸ್ತೀನಿ ಮೇಡಂ, ಪೇಂಟ್ ನಮ್ಮದೇ.

ಶೋಭಾ_ಅಕೌಂಟ್ಸ್:
ಅದು ತಯಾರಿಕೆಯಾ ವ್ಯಾಪಾರವಾ ಅಂತ ವಾದ ಬರತ್ತೆ. ಪೇಪರ್ ನೋಡದೆ ಹೇಳಲ್ಲ ನಾನು.

ಮಂಜು_ಸಪ್ಲೈ:
*(11 ದಿನದ ನಂತರ)* ಪತ್ರ ಕೊಟ್ಟ ನಾಲ್ಕನೇ ದಿನ ದಾಸ್ತಾನು ದೃಢೀಕರಣಕ್ಕೆ ಸಹಿ ಆಯ್ತು. ಬದಲಿ ಎರಡರ ಚಲನ್‌ಗೆ ಸಹಿನೇ ಇರಲಿಲ್ಲ, ಸ್ಟೋರಿನವರ ಹತ್ರ ಮಾಡಿಸ್ಕೊಂಡೆ. ಬಿಲ್ ಖಜಾನೆ-2ಕ್ಕೆ ಹೋಯ್ತು, ಆದ್ರೆ ನಿನ್ನೆ ಆಕ್ಷೇಪಣೆ ಹಾಕಿ ವಾಪಸ್, ನನ್ನ ಬ್ಯಾಂಕ್ ವಿಲೀನ ಆದ್ಮೇಲೆ ಐಎಫ್‌ಎಸ್‌ಸಿ ಬದಲಾಗಿದೆ, ದುಡ್ಡು ಪಡೆಯೋರ ವಿವರ ಇರೋ ರೆಸಿಪಿಯೆಂಟ್ ಐಡಿಯಲ್ಲಿ ಹಳೇದೇ ಕೂತಿದೆ ಅಂತೆ.

ಲೆಕ್ಕಪತ್ರ_ನಿವೃತ್ತ:
ಹೊಸ ಕೋಡ್ ಇರೋ ಪಾಸ್‌ಬುಕ್ ಮೊದಲ ಪುಟ, ಹೊಸ ಚೆಕ್ ಒಂದು ಕ್ಯಾನ್ಸಲ್ ಮಾಡಿ ಕೊಡಿ, ಕಚೇರಿಯವರೇ ಐಡಿಯಲ್ಲಿ ತಿದ್ದಿಸ್ತಾರೆ. ಖಾತೆ ಹೆಸರು ಬಿಲ್ಲಲ್ಲಿರೋ ಹೆಸರಿನ ಹಾಗೇ ಇದೆಯಾ ಅಕ್ಷರ ಅಕ್ಷರ ನೋಡಿ. 4,17,510 ಬರಬೇಕು, ಬಂದಾಗ ಲೆಕ್ಕ ತಾಳೆ ನೋಡಿ ಇಲ್ಲಿ ಬರೀರಿ.