ಅಂಗಡಿಯ ಹೆಸರು ಬದಲಾಗಿದೆ, ಗ್ರಾಹಕರಿಗೆ ಇಮೇಲ್‌ನಲ್ಲಿ ಕಾರಣ ಹೇಗೆ ಹೇಳಲಿ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಅಪ್ಪ ಇಟ್ಟ ಹೆಸರಿನಲ್ಲಿ 'ಖಾದಿ' ಅಂತ ಇತ್ತು. ಖಾದಿ ಅಂದರೆ ನೂಲೂ ಕೈಯದೇ, ನೇಯ್ಗೆಯೂ ಕೈಯದೇ ಆಗಿರಬೇಕು. ಖಾದಿ ಮಾರ್ಕ್ ನಿಯಮ 2013ರಲ್ಲೇ ಬಂತು, ಆ ಗುರುತಿಲ್ಲದ ಬಟ್ಟೆಯನ್ನು ಖಾದಿ ಅಂತ ಮಾರುವಂತಿಲ್ಲ. ಈಗ ನಾವು ತರುವುದು ಜಾಸ್ತಿ ಗಿರಣಿ ನೂಲಿನ ಕೈಮಗ್ಗದ ಇಳಕಲ್ ಸೀರೆ, ರವಿಕೆ ಕಣಗಳು. ಹಾಗಾಗಿ ಹೆಸರು 'ಮಗ್ಗದ ಮನೆ' ಆಯ್ತು. ಜಿಎಸ್‌ಟಿಯಲ್ಲಿ ಟ್ರೇಡ್ ನೇಮ್ ತಿದ್ದುಪಡಿಯೂ ಆಗಿದೆ, ನಂಬರ್ ಹಳೆಯದೇ.

ಸಿಕ್ಕಿಕೊಂಡಿರುವುದು ಇಮೇಲ್‌ನಲ್ಲಿ. ಮೊದಲು 'ಹೊಸ ರೂಪ, ಹೊಸ ಹೆಸರು' ಅಂತ ಬರೆದು ಕಾರಣ ಬಿಟ್ಟೆ. ಓದಿದ ತಂಗಿ, "ಅಂಗಡಿ ಬೇರೆಯವರಿಗೆ ಮಾರಿದ್ರಾ ಅಂತ ಕೇಳ್ತಾರೆ" ಅಂದಳು. ಆಮೇಲೆ ನಿಯಮವನ್ನೆಲ್ಲ ವಿವರಿಸಿ ಬರೆದೆ. ಅದು ಸರ್ಕಾರಿ ನೋಟಿಸ್ ಥರ ಆಯ್ತು! ಈಗ ಇಷ್ಟಕ್ಕೆ ಇಳಿಸಿದ್ದೇನೆ:

"ಅಂಗಡಿ ಅದೇ, ನಾವೂ ಅವರೇ. ಈಗ ನಮ್ಮಲ್ಲಿ ಖಾದಿಗಿಂತ ಕೈಮಗ್ಗದ ಬಟ್ಟೆಯೇ ಜಾಸ್ತಿ. ಹೆಸರು ಸರಕಿಗೆ ಹೊಂದಬೇಕು ಅಂತ ಬದಲಿಸಿದ್ದೇವೆ. ಇನ್ನು ಮುಂದೆ ಯುಪಿಐನಲ್ಲಿ ದುಡ್ಡು ಕಳಿಸುವಾಗ 'ಮಗ್ಗದ ಮನೆ' ಅಂತ ಕಾಣುತ್ತದೆ."

ಯುಪಿಐ ಸಾಲು ಬೇಕೇ ಬೇಕು. ಪರಿಚಯವಿಲ್ಲದ ಹೆಸರು ಕಂಡರೆ ಜನ ಮೋಸ ಅಂತ ಹೆದರುತ್ತಾರಲ್ವಾ. ಅದಕ್ಕೇ ಈ ಮೇಲ್ ಹಳೇ ವಿಳಾಸದಿಂದಲೇ ಕಳಿಸುತ್ತೇನೆ.

ನನ್ನ ಗೊಂದಲ ಎರಡನೇ ವಾಕ್ಯದ್ದು. 'ಹಾಗಾದ್ರೆ ಮೊದಲು ಕೊಂಡದ್ದು ಖಾದಿ ಅಲ್ವಾ?' ಅಂತ ಹಳೇ ಗ್ರಾಹಕರಿಗೆ ಅನುಮಾನ ಬರುತ್ತಾ? ಬರುತ್ತೆ ಅಂದ್ರೆ ಆ ವಾಕ್ಯವನ್ನು ನೀವು ಹೇಗೆ ಬರೆಯುತ್ತೀರಿ? ಸಬ್ಜೆಕ್ಟ್ ಸಾಲಿನಲ್ಲಿ ಹಳೇ ಹೆಸರು ಮೊದಲು ಬರಲೋ, ಹೊಸದೋ?