ನಾಯಿ-ಬೆಕ್ಕುಗಳ ಆಸ್ಪತ್ರೆಗೆ ಹೆಸರು: ‘ಪಶು’, ‘ಸಾಕು’, ‘ಮುದ್ದು’, ‘ಆರೈಕೆ’

ಪದಚರ್ಚೆಯ ಬಳಗಕ್ಕೆ ಮೈಸೂರಿನಿಂದ ನಮಸ್ಕಾರಗಳು.

ನನ್ನ ತಮ್ಮನ ಮಗಳು ಪಶುವೈದ್ಯಕೀಯ ಓದಿ ಮುಗಿಸಿ, ನಮ್ಮ ಬಡಾವಣೆಯಲ್ಲಿಯೇ ಎರಡು ಕೋಣೆಗಳ ಒಂದು ಚಿಕ್ಕ ಚಿಕಿತ್ಸಾಲಯವನ್ನು ತೆರೆಯುತ್ತಿದ್ದಾಳೆ. ನಾಯಿ, ಬೆಕ್ಕು, ಮೊಲ, ಗಿಳಿಗಳನ್ನು ಅವಳು ನೋಡುತ್ತಾಳೆಯೇ ಹೊರತು ದನಕರುಗಳನ್ನಲ್ಲ. ಮುಂಭಾಗದಲ್ಲಿ ಆಹಾರ, ಕೊರಳಪಟ್ಟಿ, ಶಾಂಪೂ ಮುಂತಾದವುಗಳನ್ನು ಮಾರುವ ಪುಟ್ಟ ಅಂಗಡಿಯೂ ಇರುತ್ತದೆ. ಪ್ರಾಣಿಯನ್ನು ಎದೆಗವಚಿಕೊಂಡು ಗಾಬರಿಯಿಂದ ಬಂದವರಿಗೆ ಬಾಗಿಲಲ್ಲಿಯೇ ಆಪ್ತವೆನಿಸುವ, ಆದರೆ ಒಳಗಿರುವವರು ಕೆಲಸ ಬಲ್ಲವರು ಎಂಬ ಧೈರ್ಯವನ್ನೂ ಕೊಡುವ ಕನ್ನಡದ ಹೆಸರು ಬೇಕೆಂದು ಅವಳು ನನ್ನನ್ನು ಕೇಳಿದ್ದಾಳೆ.

ಮೊದಲು ಬಿಳಿ ಹಾಳೆಯ ಮೇಲೆ ‘ಪಶು ಚಿಕಿತ್ಸಾಲಯ’ ಎಂದು ಬರೆದು ಷಟರಿಗೆ ಅಂಟಿಸಿದ್ದೆವು. ಎರಡನೆಯ ದಿನವೇ ಊರಾಚೆಯ ಹಳ್ಳಿಯಿಂದ ಬಂದ ಹಿರಿಯರೊಬ್ಬರು, ‘ಹಸು ಮೂರು ಸಲ ಬೆದೆಗೆ ಬಂದರೂ ಗಬ್ಬ ನಿಲ್ಲುತ್ತಿಲ್ಲ, ಬಂದು ನೋಡುತ್ತೀರಾ ತಾಯಿ’ ಎಂದು ಕೇಳಿದರು. ಅದೇ ಸಂಜೆ ಬೆಕ್ಕನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಬಂದ ಹೆಣ್ಣುಮಗಳೊಬ್ಬರು ಹಾಳೆಯನ್ನು ಓದಿ, ‘ಇದು ದನದ ಆಸ್ಪತ್ರೆಯಲ್ಲವೇ?’ ಎಂದು ಹಿಂದಿರುಗಲು ಹೊರಟಿದ್ದರು. ಹಾಳೆಯನ್ನು ಅಂದೇ ತೆಗೆದೆವು.

‘ಸಾಕುಪ್ರಾಣಿ’ ಎಂಬುದನ್ನು ಚಿಕ್ಕದು ಮಾಡಿ ‘ಸಾಕು’ ಎಂದಿಡೋಣವೆಂದರೆ, ಫಲಕ ಓದಿದವರಿಗೆ ‘ಇನ್ನು ಬೇಡ’ ಎಂದು ಹೇಳಿದಂತೆ ಕೇಳಿಸುತ್ತದೆ. ‘ಮುದ್ದು’ ಎಂಬುದು ಅವಳಿಗೆ ಇಷ್ಟವಾಗಿದೆ. ನನ್ನ ಮನಸ್ಸು ಒಪ್ಪುತ್ತಿಲ್ಲ, ಕಾರಣವನ್ನು ಸರಿಯಾಗಿ ಹೇಳಲೂ ಬರುತ್ತಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

*ಬೆಂಗಳೂರಿನಿಂದ ಉತ್ತರ*

ಆ ಹಿರಿಯರ ತಪ್ಪೇನೂ ಇಲ್ಲ. ‘ಪಶು’ ಎಂಬುದೇ ‘ಪಸು’ ಆಗಿ, ಪಕಾರ ಹಕಾರವಾಗಿ ನಮ್ಮಲ್ಲಿ ‘ಹಸು’ ಆಗಿದೆ. ಪಶು ಎಂದರೆ ಹಸು ಎಂದೇ ಅರ್ಥವಾದ್ದರಿಂದ ನಾಯಿಯ ಆಸ್ಪತ್ರೆಗೆ ಆ ಪದವನ್ನು ಬಳಸುವುದೇ ತಪ್ಪು. ನನ್ನ ಸಲಹೆ ‘ಕರುಣಾ’. ಅದು ‘ಕರು’ ಎಂಬ ಪದದಿಂದ ಹುಟ್ಟಿದ್ದು. ಕರುವನ್ನು ಕಂಡಾಗ ತಾಯಿಹಸುವಿಗೆ ಆಗುವ ಭಾವವೇ ಕರುಣೆ. ಪ್ರಾಣಿಗಳ ಆಸ್ಪತ್ರೆಗೆ ಇದಕ್ಕಿಂತ ಹೊಂದುವ ಪದ ಕನ್ನಡದಲ್ಲಿ ಸಿಗಲಾರದು.

*ಗದಗಿನಿಂದ ಉತ್ತರ*

ನಮ್ಮ ಕಡೆ ಇಂದಿಗೂ ‘ದನದ ದವಾಖಾನಿ’ ಎಂದೇ ಹೇಳುತ್ತಾರೆ, ನಾಯಿಯನ್ನೂ ಅಲ್ಲಿಗೇ ಒಯ್ಯುತ್ತಾರೆ, ಯಾರೂ ಹಿಂದಿರುಗುವುದಿಲ್ಲ. ಹೆಸರಿಡುವ ಮಾತು ಬಂದಿದ್ದರಿಂದ ನನ್ನದೂ ಒಂದು ಪ್ರಶ್ನೆ. ನಮ್ಮ ಮನೆಗೆ ಮುಧೋಳ ತಳಿಯ ಎರಡು ತಿಂಗಳ ಹೆಣ್ಣುಮರಿ ಬಂದಿದೆ. ಟಾಮಿ, ಟೈಗರ್ ಎಂಬ ಹೆಸರುಗಳು ಬೇಡವೆಂದು ಮಕ್ಕಳು ಹಠ ಹಿಡಿದಿದ್ದಾರೆ. ‘ಚಿಗರಿ’ ಎಂದರೆ ಹೇಗಿರುತ್ತದೆ? ಓಟವೂ ಜಿಂಕೆಯ ಹಾಗೆಯೇ ಇದೆ. ಮುದ್ದು ಎಂದು ಮಾತ್ರ ಇಡಬೇಡಿರಿ, ಕೂಗಿದರೆ ಮನೆಯ ಸಣ್ಣ ಮಕ್ಕಳೆಲ್ಲ ಓಡಿ ಬರುತ್ತಾರೆ.

*ಉಡುಪಿಯಿಂದ ಉತ್ತರ*

ಬೆಂಗಳೂರಿನ ಮಿತ್ರರ ಮಾತಿನ ಮೊದಲ ಭಾಗವನ್ನು ಒಪ್ಪುತ್ತೇನೆ; ‘ಹಸು’ ಎಂಬುದು ‘ಪಶು’ವಿನ ತದ್ಭವವೇ ಹೌದು. ಆದರೆ ಮೂಲಪದದ ಅರ್ಥ ಹಸುವಿಗಷ್ಟೇ ನಿಂತಿರಲಿಲ್ಲ. ಅಥರ್ವವೇದದ ಹನ್ನೊಂದನೆಯ ಕಾಂಡದಲ್ಲಿ ಐದು ಪಶುಗಳ ಎಣಿಕೆ ಬರುತ್ತದೆ: ಹಸು, ಕುದುರೆ, ಮನುಷ್ಯ, ಆಡು, ಕುರಿ. ಮನುಷ್ಯನಿಗೂ ಜಾಗವಿರುವ ಆ ಪಟ್ಟಿಯಲ್ಲಿ ನಾಯಿಯೂ ಇಲ್ಲ, ಬೆಕ್ಕೂ ಇಲ್ಲ. ಕನ್ನಡದಲ್ಲಿ ಅರ್ಥ ಮತ್ತಷ್ಟು ಕಿರಿದಾಗಿ ಕೊಟ್ಟಿಗೆಗೆ ಬಂದು ನಿಂತಿತು. ಆದ್ದರಿಂದಲೇ ಅಂಗಡಿಯ ಮೇಲೆ ‘ಪಶು ಆಹಾರ’ ಎಂದು ಬರೆದರೆ ಹಿಂಡಿ, ಬೂಸಾ ಕೇಳಿಕೊಂಡು ಜನ ಬರುತ್ತಾರೆ. ಕಾಲೇಜಿನ ಮತ್ತು ಇಲಾಖೆಯ ಹೆಸರಿನಲ್ಲಿ ‘ಪಶುವೈದ್ಯಕೀಯ’ವು ಎಲ್ಲ ಪ್ರಾಣಿಗಳನ್ನೂ ಒಳಗೊಂಡರೂ ಬೀದಿಯ ಫಲಕದಲ್ಲಿ ಆ ವಿಸ್ತಾರ ಅದಕ್ಕೆ ದೊರೆಯುವುದಿಲ್ಲ.

‘ಕರುಣೆ’ಯು ‘ಕರು’ವಿನಿಂದ ಬಂದದ್ದಲ್ಲ. ಕರುಣಾ ಸಂಸ್ಕೃತದ ಪದ, ಕರು ದ್ರಾವಿಡ ಪದ; ಎರಡರ ಧ್ವನಿ ಹತ್ತಿರವಾಗಿರುವುದು ಆಕಸ್ಮಿಕ. ಮಿತ್ರರು ಹುಡುಕುತ್ತಿರುವ ಸಂಬಂಧ ಇರುವುದು ‘ವಾತ್ಸಲ್ಯ’ದಲ್ಲಿ. ‘ವತ್ಸ’ ಎಂದರೆ ಕರು. ಕರುವಿನ ಮೇಲೆ ಹಸುವಿಗಿರುವ ಪ್ರೀತಿಯೇ ವಾತ್ಸಲ್ಯ. ನಾವು ಮಕ್ಕಳ ವಿಷಯದಲ್ಲಿ ಬಳಸುತ್ತ ಬಳಸುತ್ತ ಅದರೊಳಗಿನ ಕರುವನ್ನು ಮರೆತಿದ್ದೇವೆ. ಈಗ ಅದು ಹೆರಿಗೆ ಆಸ್ಪತ್ರೆ, ವೃದ್ಧಾಶ್ರಮಗಳ ಹೆಸರಾಗಿ ಕಿವಿಗೆ ಕೂತುಬಿಟ್ಟಿದೆ. ಇನ್ನು ಕರುಣೆ, ದಯೆ, ಮೂಕಪ್ರಾಣಿ ಎಂಬ ಪದಗಳು ಫಲಕದ ಮೇಲೆ ಬಂದರೆ ಬೀದಿಯ ಪ್ರಾಣಿಗಳಿಗೆ ಆಶ್ರಯ ಕೊಡುವ ಧರ್ಮಸಂಸ್ಥೆಯೆಂದು ಜನ ತಿಳಿಯುತ್ತಾರೆ. ತನ್ನ ನಾಯಿಯನ್ನು ಮನೆಯ ಮಗುವೆಂದುಕೊಂಡವರಿಗೆ ಅದರ ಮೇಲೆ ಯಾರೋ ಕರುಣೆ ತೋರಬೇಕೆಂಬ ಆಸೆಯಿರುವುದಿಲ್ಲ. ಅದನ್ನು ಸರಿಯಾಗಿ ನೋಡಬೇಕು, ಅಷ್ಟೇ.

ಈ ‘ನೋಡು’ ಎಂಬ ಪದದಲ್ಲಿಯೇ ನಮಗೆ ಉತ್ತರವಿದೆಯೆಂದು ನನಗೆ ತೋರುತ್ತದೆ. ವೈದ್ಯರು ರೋಗಿಯನ್ನು ‘ನೋಡುತ್ತಾರೆ’, ಮನೆಯವರು ‘ನೋಡಿಕೊಳ್ಳುತ್ತಾರೆ’. ಹಾಗೆಯೇ ಕಾರಣವನ್ನು ‘ವಿಚಾರಿಸುತ್ತೇವೆ’, ಮನೆಗೆ ಬಂದವರನ್ನು ‘ವಿಚಾರಿಸಿಕೊಳ್ಳುತ್ತೇವೆ’. ಪರೀಕ್ಷಿಸುವುದೂ ಪೋಷಿಸುವುದೂ ಕನ್ನಡದಲ್ಲಿ ಒಂದೇ ಧಾತುವಿನಿಂದ ಹೊರಡುತ್ತವೆ. ಇವೆರಡನ್ನೂ ಬಹಳ ಹಿಂದಿನಿಂದ ಒಟ್ಟಿಗೆ ಹೊತ್ತು ಬಂದಿರುವ ಪದ ‘ಆರೈಕೆ’. ಹಳಗನ್ನಡದ ‘ಆರಯ್’ ಧಾತುವಿಗೆ ಹುಡುಕು, ವಿಚಾರಿಸಿ ನೋಡು ಎಂಬ ಅರ್ಥವೂ ಇದೆ, ಸಲಹು ಎಂಬ ಅರ್ಥವೂ ಇದೆ. ಬಾಣಂತಿಯ ಆರೈಕೆ ಎಂದಾಗ ನಮಗೆ ಎರಡನೆಯದಷ್ಟೇ ಕೇಳಿಸುತ್ತದೆ. ಮೊದಲನೆಯದು ಪದದೊಳಗೆ ಉಳಿದೇ ಇದೆ. ತಾವು ಕೇಳಿದ ಆಪ್ತತೆ ಮತ್ತು ಧೈರ್ಯ ಎರಡಕ್ಕೂ ಇದು ಹೊಂದುತ್ತದೆ.

ಹೆಸರನ್ನು ಆರಿಸುವಾಗ ವಿಭಕ್ತಿ ಹಚ್ಚಿ ನೋಡುವುದು ಒಳ್ಳೆಯದು, ಏಕೆಂದರೆ ಜನರ ಬಾಯಲ್ಲಿ ಹೆಸರು ಬರಿದಾಗಿ ಓಡಾಡುವುದಿಲ್ಲ. ‘ಸಾಕಿಗೆ ಹೋಗಿದ್ದೆವು’ ಎಂದರೆ ಅರ್ಥವೇ ಆಗುವುದಿಲ್ಲ. ‘ಮುದ್ದುವಿಗೆ ಕರೆದುಕೊಂಡು ಹೋಗಿ’ ಎನ್ನಬೇಕೋ ‘ಮುದ್ದಿಗೆ’ ಎನ್ನಬೇಕೋ ಎಂದು ನಾಲಗೆ ತಡವರಿಸುತ್ತದೆ. ‘ಆರೈಕೆಗೆ ಕರೆದುಕೊಂಡು ಹೋಗಿ’ ಎಂಬುದು ಹೆಸರೆಂದು ತಿಳಿಯದವರಿಗೂ ಸರಿಯಾದ ವಾಕ್ಯ. ‘ಅಕ್ಕರೆ’ ಕೂಡ ಒಳ್ಳೆಯ ಪದವೇ, ಆದರೆ ಅದರಲ್ಲಿ ಆಪ್ತತೆಯಿದೆಯೇ ಹೊರತು ವೈದ್ಯರ ಕೈ ಇಲ್ಲ.

*ಶಿವಮೊಗ್ಗದಿಂದ ಉತ್ತರ*

ನಾನು ಬಹಳ ವರ್ಷ ಸರ್ಕಾರಿ ಪಶು ಆಸ್ಪತ್ರೆಯಲ್ಲಿ ವೈದ್ಯನಾಗಿದ್ದವನು. ‘ಆರೈಕೆ’ಯ ಬಗ್ಗೆ ಒಂದು ಅನುಮಾನವಿದೆ. ಆ ಒಂದೇ ಪದವನ್ನು ಬರೆದರೆ, ಊರಿಗೆ ಹೋಗುವಾಗ ನಾಯಿಯನ್ನು ನಾಲ್ಕು ದಿನ ಬಿಟ್ಟುಹೋಗುವ ಜಾಗವೆಂದೋ, ಸ್ನಾನ ಮಾಡಿಸಿ ಕೂದಲು ಕತ್ತರಿಸುವ ಜಾಗವೆಂದೋ ಜನ ತಿಳಿಯಬಹುದು. ಎರಡು ತಿಂಗಳ ಮರಿಗೆ ಪಾರ್ವೋ ತಗುಲಿ ವಾಂತಿ, ರಕ್ತಭೇದಿ ಶುರುವಾದಾಗ ಮನೆಯವರು ಫಲಕದಲ್ಲಿ ಹುಡುಕುವುದು ‘ಆಸ್ಪತ್ರೆ’ ಅಥವಾ ‘ಡಾಕ್ಟರ್’ ಎಂಬ ಪದವನ್ನು. ಅಂಥ ಮರಿಗೆ ಒಂದು ರಾತ್ರಿ ತಡವಾದರೂ ನೀರಿನಂಶ ಇಳಿದು ಜೀವಕ್ಕೆ ಅಪಾಯ. ಆದ್ದರಿಂದ ಹೆಸರಿನ ಕೆಳಗೆ, ಹೆಸರಿಗಿಂತ ತೀರ ಚಿಕ್ಕದಲ್ಲದ ಅಕ್ಷರಗಳಲ್ಲಿ ‘ನಾಯಿ-ಬೆಕ್ಕುಗಳ ಆಸ್ಪತ್ರೆ’ ಎಂದೇ ಬರೆಯಿರಿ. ‘ಶ್ವಾನ’ ಬೇಡ, ಅದನ್ನು ಓದಿದವರಿಗೆ ಪೊಲೀಸರ ಶ್ವಾನದಳ ನೆನಪಾಗುತ್ತದೆ. ರಾತ್ರಿ ಪ್ರಾಣಿಯನ್ನು ಇರಿಸಿಕೊಂಡು ನೋಡುವ ವ್ಯವಸ್ಥೆ ಇಲ್ಲದಿದ್ದರೆ ‘ಆಸ್ಪತ್ರೆ’ಯ ಬದಲು ‘ಕ್ಲಿನಿಕ್’ ಎಂದು ಬರೆಯುವುದೇ ಪ್ರಾಮಾಣಿಕ. ಹೆಸರು ಕೊಟ್ಟ ಧೈರ್ಯವನ್ನು ಒಳಗಿನ ವ್ಯವಸ್ಥೆ ಉಳಿಸಿಕೊಡದಿದ್ದರೆ ಮನೆಯವರು ಮತ್ತೆ ಆ ಬಾಗಿಲಿಗೆ ಬರುವುದಿಲ್ಲ.

ಅಂಗಡಿಯ ವಿಷಯದಲ್ಲಿಯೂ ಎಚ್ಚರವಿರಲಿ. ‘ಸಾಕುಪ್ರಾಣಿಗಳ ಅಂಗಡಿ’ ಎಂದರೆ ಮರಿಗಳನ್ನು ಮಾರುವ ಅಂಗಡಿಯೆಂದು ಅರ್ಥವಾಗುತ್ತದೆ. ಪ್ರಾಣಿಗಳನ್ನು ಮಾರುವುದಾದರೆ 2018ರ ಕೇಂದ್ರ ನಿಯಮಗಳ ಪ್ರಕಾರ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಬೇಕು. ಮಾರುವ ಉದ್ದೇಶವೇ ಇಲ್ಲದವರು ಆ ಅರ್ಥ ಬರುವ ಹೆಸರನ್ನು ಹಾಕಿಕೊಳ್ಳುವುದೇಕೆ?

*ಬೆಂಗಳೂರಿನಿಂದ ಮತ್ತೆ*

ಕರುಣೆಯ ಮೂಲದ ವಿಷಯದಲ್ಲಿ ತಿದ್ದಿದ್ದಕ್ಕೆ ಉಡುಪಿಯವರಿಗೆ ವಂದನೆಗಳು. ಆದರೂ ಆ ಪದವನ್ನು ಕೇಳಿದಾಗ ದಾನಧರ್ಮದ ನೆನಪು ಬರುತ್ತದೆಂಬುದನ್ನು ನಾನು ಒಪ್ಪಲಾರೆ. ನಮ್ಮ ಮನೆಯ ಹದಿಮೂರು ವರ್ಷದ ನಾಯಿಯ ಕೊನೆಯ ದಿನಗಳಲ್ಲಿ ವೈದ್ಯರಿಂದ ನನಗೆ ಬೇಕಾಗಿದ್ದದ್ದು ಕರುಣೆಯೇ.

*ಮೈಸೂರಿನಿಂದ*

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ‘ಮುದ್ದು’ ನನಗೆ ಏಕೆ ಒಪ್ಪಿಗೆಯಾಗಲಿಲ್ಲವೆಂಬುದು ಬೆಂಗಳೂರಿನವರ ಕೊನೆಯ ಸಾಲನ್ನು ಓದಿದಾಗ ತಿಳಿಯಿತು. ನಮ್ಮ ಮನೆಯ ಕರಿಯ ತೀರಿಕೊಂಡ ದಿನ ಕೊಟ್ಟ ಚೀಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಅದರ ತಲೆಯಲ್ಲಿ ‘ಮುದ್ದು’ ಎಂದು ಅಚ್ಚಾಗಿದ್ದರೆ ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ. ಮರಿಯನ್ನು ಲಸಿಕೆಗೆ ತರುವ ದಿನಕ್ಕೂ ಅಂಥ ದಿನಕ್ಕೂ ಒಂದೇ ಹೆಸರು ಹೊಂದಬೇಕು.

ಉಡುಪಿಯವರ ಮಾತನ್ನು ತಮ್ಮನ ಮಗಳಿಗೆ ಓದಿ ಹೇಳಿದೆ. ಅವಳು ಎರಡು ದಿನ ಯೋಚಿಸಿ, ‘ನೋಡುವುದು, ನೋಡಿಕೊಳ್ಳುವುದು ಎರಡೂ ನನ್ನ ಕೆಲಸವೇ ಅಲ್ಲವೇ ದೊಡ್ಡಪ್ಪ’ ಎಂದು ‘ಆರೈಕೆ’ಯನ್ನು ಒಪ್ಪಿದಳು. ರಾತ್ರಿ ಪ್ರಾಣಿಗಳನ್ನು ಇರಿಸಿಕೊಳ್ಳುವ ವ್ಯವಸ್ಥೆ ಸದ್ಯಕ್ಕೆ ಇಲ್ಲವಾದ್ದರಿಂದ ಶಿವಮೊಗ್ಗದವರು ಹೇಳಿದಂತೆ ಎರಡನೆಯ ಸಾಲು ‘ನಾಯಿ-ಬೆಕ್ಕುಗಳ ಕ್ಲಿನಿಕ್’ ಎಂದಿರುತ್ತದೆ. ಮೊಲ ಮತ್ತು ಗಿಳಿಗಳನ್ನು ಸಾಲಿನಿಂದ ಬಿಟ್ಟದ್ದಕ್ಕೆ ಅವಳಿಗೆ ಸ್ವಲ್ಪ ಬೇಸರವಿದೆ. ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ಫಲಕದ ಶೇಕಡ 60ರಷ್ಟು ಭಾಗ ಕನ್ನಡದಲ್ಲಿರಬೇಕು, ಅದೂ ಮೇಲ್ಭಾಗದಲ್ಲಿ. ಆದ್ದರಿಂದ ಎರಡೂ ಸಾಲುಗಳು ದೊಡ್ಡದಾಗಿಯೇ ಬರುತ್ತವೆ. ಗದಗಿನವರಿಗೆ: ಓಡುವ ಮರಿಗೆ ‘ಚಿಗರಿ’ ಬಹಳ ಚೆನ್ನಾಗಿದೆ, ಅದನ್ನೇ ಇಡಿರಿ.

ಉಳಿದಿರುವುದು ಅಂಗಡಿ. ಫಲಕ ಬರೆಯುವವರು, ‘ಎಲ್ಲರೂ ಪೆಟ್ ಶಾಪ್ ಅಂತಲೇ ಕರೆಯುವುದು, ಅದನ್ನೇ ಕನ್ನಡ ಅಕ್ಷರದಲ್ಲಿ ಬರೆಯುತ್ತೇನೆ’ ಎನ್ನುತ್ತಿದ್ದಾರೆ. ಪ್ರಾಣಿಗಳನ್ನು ಮಾರುವುದಿಲ್ಲ, ಅವುಗಳಿಗೆ ಬೇಕಾದದ್ದನ್ನು ಮಾತ್ರ ಮಾರುತ್ತೇವೆ ಎಂಬುದನ್ನು ಎರಡು ಪದಗಳಲ್ಲಿ ಹೇಳುವ ಕನ್ನಡ ಯಾರಿಗಾದರೂ ಹೊಳೆದರೆ ತಿಳಿಸಿ. ಫಲಕದ ಆ ಮೂಲೆಯನ್ನು ಮುಂದಿನ ಸೋಮವಾರದವರೆಗೆ ಖಾಲಿ ಬಿಡಲು ಅವರನ್ನು ಒಪ್ಪಿಸಿದ್ದೇನೆ.